ಬಾಗಿಲು ಮುಚ್ಚಿದ ಮೇಲಿನ ಹತ್ತು ನಿಮಿಷ

ಪ್ರಶ್ನೆ: ಮುಂದಿನ ತಿಂಗಳು 14 ಗಂಟೆ ವಿಮಾನದಲ್ಲಿ ಕೂರಬೇಕು. ಬಾಗಿಲು ಹಾಕಿದ ತಕ್ಷಣ ಉಸಿರು ಕಟ್ಟುತ್ತೆ, ಅಲುಗಾಡಿದರೆ ಜೀವವೇ ಹೋದಂತಾಗುತ್ತೆ. ಹೇಗೆ ತಯಾರಾಗಲಿ?

ನನಗೂ ಇದೇ ಕಾಟ, ಈಗಲೂ ಅಷ್ಟಿಷ್ಟು ಇದೆ. ನಿಮ್ಮದು ಎರಡು ಬೇರೆ ಬೇರೆ ಭಯ. ಅಲುಗಾಟದ ಭಯ ವಿಷಯ ಗೊತ್ತಾದರೆ ಅರ್ಧ ಇಳಿಯುತ್ತದೆ. ಮುಚ್ಚಿದ ಜಾಗದ ಭಯ ಹಾಗಲ್ಲ, ಮೈಗೇ ಅಭ್ಯಾಸ ಆಗಬೇಕು. ಅದನ್ನೇ ಮೊದಲು ಹೇಳುತ್ತೇನೆ.

ಉಸಿರು ಕಟ್ಟುವವರಿಗೆ ಕಷ್ಟದ ಹೊತ್ತು ಬರುವುದು ಆಕಾಶದಲ್ಲಿ ಅಲ್ಲ, ನೆಲದ ಮೇಲೆ. ಬಾಗಿಲು ಹಾಕಿ, ವಿಮಾನವನ್ನು ಹಿಂದಕ್ಕೆ ತಳ್ಳುವ ಹೊತ್ತಿಗೆ ಎಂಜಿನ್ ಶುರು ಮಾಡುತ್ತಾರೆ. ಬಹಳಷ್ಟು ವಿಮಾನಗಳಲ್ಲಿ ಎಂಜಿನ್ ತಿರುಗಿಸಲು ಬೇಕಾದ ಒತ್ತಡದ ಗಾಳಿ ಮತ್ತು ಎಸಿಗೆ ಹೋಗುವ ಗಾಳಿ ಒಂದೇ ಕಡೆಯಿಂದ ಬರುತ್ತವೆ. ಹಾಗಾಗಿ ಆ ಸ್ವಲ್ಪ ಹೊತ್ತು ಎಸಿ ನಿಲ್ಲಿಸುತ್ತಾರೆ. ತಲೆ ಮೇಲಿಂದ ಬರುತ್ತಿದ್ದ ಗಾಳಿಯ ಸದ್ದು ಥಟ್ಟನೆ ಅಡಗುತ್ತದೆ, ಸೆಕೆ ಏರುತ್ತದೆ, ಕೆಲವೊಮ್ಮೆ ದೀಪವೂ ಮಿಣುಕ್ ಅನ್ನುತ್ತದೆ. ನಮ್ಮಂಥವರಿಗೆ ಅಷ್ಟು ಸಾಕಲ್ವಾ! ಆದರೆ ಎಂಜಿನ್ ಶುರುವಾದ ಮೇಲೆ ಗಾಳಿ ವಾಪಸ್ ಬರುತ್ತದೆ. ಹಾರುವಾಗಂತೂ ಒಳಗಿನ ಗಾಳಿ ಸುಮಾರು 2-3 ನಿಮಿಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತದೆ.

ಹಾಗಾದರೆ ಉಸಿರು ಯಾಕೆ ಸಾಲುವುದಿಲ್ಲ? ಹೆದರಿದಾಗ ನಾವು ಉಸಿರಾಡುವುದು ಕಡಿಮೆ ಅಲ್ಲ, ಜಾಸ್ತಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳ ತುದಿ, ತುಟಿ ಜುಮ್ ಅನ್ನುತ್ತವೆ, ಎದೆ ಬಿಗಿಯುತ್ತದೆ. ಗಾಳಿ ಇಲ್ಲ ಅನಿಸಿ ಇನ್ನೂ ಜೋರಾಗಿ ಎಳೆಯುತ್ತೇವೆ. "ದೀರ್ಘವಾಗಿ ಉಸಿರು ಎಳಿ" ಅನ್ನುವ ಸಲಹೆ ಕೈಕೊಡುವುದು ಇಲ್ಲೇ. ಗಮನ ಬಿಡುವುದರ ಮೇಲಿರಲಿ. ಮೂಗಿನಿಂದ ಮೆಲ್ಲಗೆ 4 ಎಣಿಸುವಷ್ಟು ಎಳೆದು, ತುಟಿ ಕಿರಿದು ಮಾಡಿ 6-7 ಎಣಿಸುತ್ತಾ ಬಿಡಿ.

ನಿಮಗೆ ಒಂದು ತಿಂಗಳು ಇದೆ, ಸುಮ್ನೆ ಕಳೆಯಬೇಡಿ. ದಿನಾ ಒಂದು ಇಕ್ಕಟ್ಟಿನ ಜಾಗ ಆರಿಸಿಕೊಳ್ಳಿ: ಸಣ್ಣ ಬಚ್ಚಲುಮನೆ, ಲಿಫ್ಟು, ಕಾರಿನ ಹಿಂದಿನ ಸೀಟಿನ ನಡುವೆ. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಬಚ್ಚಲುಮನೆ ಬಾಗಿಲು ಹಾಕಿಕೊಂಡಾಗ 7 ಇದ್ದರೆ 3ಕ್ಕೆ ಇಳಿಯುವವರೆಗೂ ಹೊರಗೆ ಬರಬೇಡಿ. 7 ಇದ್ದಾಗಲೇ ಓಡಿಬಂದರೆ "ಓಡಿದ್ದಕ್ಕೇ ಬದುಕಿದೆ" ಎಂದು ಮನಸ್ಸು ಕಲಿಯುತ್ತದೆ, ಮರುದಿನ 8 ಆಗುತ್ತದೆ. ಅದು ಸುಲಭವಾದ ಮೇಲೆ ಅಲ್ಲೇ ಕೂತು ಮೂಗು ಹಿಡಿದು ತೆಳ್ಳನೆ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡಿ. ಉಸಿರು ಸಾಲದು ಅನ್ನುವ ಅನುಭವವನ್ನು ಬೇಕಂತಲೇ ತಂದುಕೊಂಡರೆ ಅದರ ಹೆದರಿಕೆ ಕಳೆಯುತ್ತದೆ. ಆಸ್ತಮಾ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಈ ಸ್ಟ್ರಾ ಅಭ್ಯಾಸ ಮಾಡಬಾರದು.

ಇನ್ನು ಅಲುಗಾಟ. ಹೊಟ್ಟೆ ಧಸಕ್ ಅಂದಾಗ ಸಾವಿರಾರು ಅಡಿ ಬಿದ್ದೆವು ಅನಿಸುತ್ತದೆ. 2024ರ ಮೇ ತಿಂಗಳಲ್ಲಿ ಲಂಡನ್‌ನಿಂದ ಸಿಂಗಾಪುರಕ್ಕೆ ಹೊರಟ ವಿಮಾನ ಮ್ಯಾನ್ಮಾರ್ ಮೇಲೆ ಭಾರಿ ಅಲುಗಾಟಕ್ಕೆ ಸಿಕ್ಕಿದ್ದು ನಿಮಗೂ ನೆನಪಿರಬಹುದು. ಒಬ್ಬರು ತೀರಿಕೊಂಡರು, ತುಂಬಾ ಜನರಿಗೆ ಪೆಟ್ಟಾಯಿತು. ಆ ಭೀಕರ ಕ್ಷಣದಲ್ಲೂ ವಿಮಾನ ಇಳಿದದ್ದು 178 ಅಡಿ, ಅದೂ 37,000 ಅಡಿ ಎತ್ತರದಲ್ಲಿ. ಬೆಲ್ಟ್ ಹಾಕದವರು ಸೀಟಿನಿಂದ ಮೇಲಕ್ಕೆ ಚಿಮ್ಮಿ ಮತ್ತೆ ಕೆಳಗೆ ಬಿದ್ದರು. ವಿಮಾನ ಮಾತ್ರ ಬ್ಯಾಂಕಾಕ್‌ನಲ್ಲಿ ಇಳಿಯಿತು. ಅಪಾಯ ರೆಕ್ಕೆ ಮುರಿಯುವುದರಲ್ಲಿ ಅಲ್ಲ, ಬೆಲ್ಟ್ ಇಲ್ಲದೆ ಕೂರುವುದರಲ್ಲಿದೆ. ಬೆಲ್ಟಿನ ದೀಪ ಆರಿದ್ದರೂ, ಮಲಗಿದ್ದರೂ ಸೊಂಟದ ಮೇಲೆ ಬೆಲ್ಟ್ ಬಿಗಿಯಾಗಿ ಇರಲಿ.

ಇನ್ನೊಂದು ಮೋಸ ಇದೆ. ಮೇಲೇರಿದ ಸ್ವಲ್ಪ ಹೊತ್ತಿಗೆ ಪೈಲಟ್ ಎಂಜಿನ್ ಶಕ್ತಿ ತಗ್ಗಿಸುತ್ತಾರೆ. ಸದ್ದು ಇಳಿಯುತ್ತದೆ, ಬೀಳುತ್ತಿದ್ದೇವೆ ಎಂದು ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳುತ್ತದೆ. ವಿಮಾನ ಆಗಲೂ ಏರುತ್ತಲೇ ಇರುತ್ತದೆ.

ಸೀಟು ರೆಕ್ಕೆಯ ಮೇಲಿನ ಸಾಲುಗಳಲ್ಲಿ, ಓಡಾಡುವ ದಾರಿಯ ಪಕ್ಕ ತಗೊಳ್ಳಿ. ಅಲ್ಲಿ ಕುಲುಕು ಕಡಿಮೆ, ಹಿಂದಿನ ಸಾಲುಗಳಲ್ಲಿ ಜಾಸ್ತಿ. ಬೆಲ್ಟಿನ ದೀಪ ಆರಿದಾಗ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಹತ್ತುವಾಗಲೇ ಸಿಬ್ಬಂದಿಗೆ "ನನಗೆ ಭಯ ಇದೆ" ಎಂದು ಹೇಳಿಬಿಡಿ. ಅವರಿಗೆ ಇದು ಹೊಸದಲ್ಲ.

ನಿದ್ದೆಮಾತ್ರೆ ನುಂಗಿ ಕಣ್ಣುಮುಚ್ಚಿ ಹೋಗಿಬಿಡೋಣ ಅನ್ನುವ ಯೋಚನೆ ನನಗೆ ಹಿಡಿಸುವುದಿಲ್ಲ. ಗಂಟೆಗಟ್ಟಲೆ ಕಾಲು ಅಲ್ಲಾಡಿಸದೆ ಬಿದ್ದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಡಾಕ್ಟರೇ ಮಾತ್ರೆ ಬರೆದುಕೊಟ್ಟಿದ್ದರೆ, ಮೊದಲ ಸಲ ಎಲ್ಲಿ, ಯಾವಾಗ ತಗೊಂಡು ನೋಡಬೇಕು ಎಂದು ಅವರನ್ನೇ ಕೇಳಿ. ಆ ಮೊದಲ ಸಲ ವಿಮಾನದಲ್ಲಿ ಆಗುವುದು ಬೇಡ.