ಮೊದಲ ವರ್ಷದಲ್ಲೇ ತುಂಬಬೇಕಾದ ಡಬ್ಬಿ

"ಅಣ್ಣಾ, ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬ್ಲೂ ಕಾರ್ಡ್ ಅನ್ನುವ ಕೆಲಸದ ವೀಸಾ ಮೇಲೆ ಬಂದು ಮೂರು ತಿಂಗಳಾಯಿತು. ಒಬ್ಬನೇ ಇದ್ದೇನೆ. ಕೈಗೆ 2,800 ಯೂರೋ ಬರುತ್ತದೆ, ಇನ್ನು ಮೇಲೆ 560 ಉಳಿಸಬಹುದು ಅನ್ನಿಸುತ್ತಿದೆ. ಊರಲ್ಲಿ ಎಜುಕೇಷನ್ ಲೋನ್ ಇದೆ, 20 ಸಾವಿರದ ಎಸ್‌ಐಪಿ ಕೂಡ ಹೋಗುತ್ತದೆ. ಮೂರು ತಿಂಗಳ ಖರ್ಚಿನಷ್ಟು ಎಮರ್ಜೆನ್ಸಿ ಫಂಡ್ ಇರಬೇಕು ಅಂತಾರೆ. ಎಷ್ಟು ದಿನ ಬೇಕಾಗುತ್ತದೆ? ಆರಾಮಾಗಿ ಕೂಡಿಸಿದರೆ ಸಾಕಾ?"

ಆರಾಮಾಗಿ ಬೇಡ. ಯಾಕೆ ಅಂತ ಹೇಳುತ್ತೇನೆ, ಮೊದಲು ಲೆಕ್ಕ ನೋಡೋಣ.

ನಿಮ್ಮ ತಿಂಗಳ ಖರ್ಚನ್ನು ತಿಂಗಳ ಉಳಿತಾಯದಿಂದ ಭಾಗಿಸಿ. 2,240 ಖರ್ಚು, 560 ಉಳಿತಾಯ, ಅಂದರೆ 4. ಒಂದು ತಿಂಗಳು ಕೆಲಸ ಇಲ್ಲದೆ ಬದುಕಲು ನಾಲ್ಕು ತಿಂಗಳು ದುಡಿದು ಉಳಿಸಬೇಕು. ಮೂರು ತಿಂಗಳಿಗೆ ಹನ್ನೆರಡು. ಸಂಬಳ ಎಷ್ಟೇ ಇರಲಿ, ಅದರಲ್ಲಿ ಶೇಕಡಾ 20 ಉಳಿಸುವ ಎಲ್ಲರಿಗೂ ಇದೇ ಲೆಕ್ಕ. ಶೇಕಡಾ 10 ಮಾತ್ರ ಉಳಿಸಿದರೆ ಒಂದು ತಿಂಗಳಿಗೆ ಒಂಬತ್ತು ತಿಂಗಳು ಬೇಕು, ಅಂದರೆ ಮೂರಕ್ಕೆ ಎರಡು ವರ್ಷದ ಮೇಲೆ ಮೂರು ತಿಂಗಳು. ಶೇಕಡಾ 25ಕ್ಕೆ ಹೋದರೆ ಒಂಬತ್ತೇ ತಿಂಗಳು. ಉಳಿತಾಯ ಸ್ವಲ್ಪ ಏರಿಸಿದರೂ ಕಾಲ ಇಷ್ಟೊಂದು ಇಳಿಯುವುದಕ್ಕೆ ಕಾರಣ ಇದೆ. ಕೂಡಿಸುವ ದುಡ್ಡು ಜಾಸ್ತಿ ಆಗುವಾಗಲೇ ಖರ್ಚು ಕಮ್ಮಿ ಆಗುತ್ತದೆ, ಮುಟ್ಟಬೇಕಾದ ಮೊತ್ತವೂ ಚಿಕ್ಕದಾಗುತ್ತದೆ.

ಆದರೆ ಹನ್ನೆರಡು ತಿಂಗಳು ಅನ್ನುವುದೇ ಇಲ್ಲಿ ತೊಂದರೆ. ಜರ್ಮನಿಯಲ್ಲಿ ನಿರುದ್ಯೋಗ ಭತ್ಯೆ ಸಿಗಬೇಕಾದರೆ ಕಳೆದ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ನಿಮ್ಮ ಸಂಬಳದಿಂದ ಆ ವಿಮೆಗೆ ದುಡ್ಡು ಹೋಗಿರಬೇಕು. ಹನ್ನೊಂದನೇ ತಿಂಗಳಲ್ಲಿ ಕೆಲಸ ಹೋದರೆ ಏನೂ ಇಲ್ಲ. ಹನ್ನೆರಡು ತುಂಬಿದ ಮೇಲೆ ಹೋದರೆ ಆರು ತಿಂಗಳವರೆಗೆ ಕೈಗೆ ಬರುತ್ತಿದ್ದ ಸಂಬಳದ ಸುಮಾರು ಶೇಕಡಾ 60 ಬರುತ್ತದೆ, ಆರೋಗ್ಯ ವಿಮೆಯೂ ಅದರ ಜೊತೆಗೇ ಸಾಗುತ್ತದೆ. ಆರಾಮಾಗಿ ಕೂಡಿಸುವವರ ಡಬ್ಬಿ ತುಂಬುವ ಹೊತ್ತಿಗೆ ಸರ್ಕಾರದ ಆಸರೆಯೂ ಬಂದಿರುತ್ತದೆ. ಡಬ್ಬಿ ನಿಜವಾಗಿ ಬೇಕಿದ್ದದ್ದು ಅದಕ್ಕೆ ಮುಂಚೆ.

ನನಗೆ ಆದದ್ದೂ ಅದೇ. ಬಂದ ಐದನೇ ತಿಂಗಳು, ಇನ್ನೂ ಪ್ರೊಬೇಷನ್. ಒಂದು ಬುಧವಾರ ಸಂಜೆ ಮೀಟಿಂಗ್ ರೂಮಿಗೆ ಕರೆದು ಒಂದು ಹಾಳೆ ಕೊಟ್ಟರು. ಇಲ್ಲಿ ಕೆಲಸದಿಂದ ತೆಗೆಯುವ ಪತ್ರ ಕಾಗದದ ಮೇಲೇ ಇರಬೇಕು, ಪೆನ್ನಿನ ಸಹಿಯೇ ಬೇಕು, ಇಮೇಲ್ ನಡೆಯುವುದಿಲ್ಲ. ಆ ನೀಲಿ ಶಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಪ್ರೊಬೇಷನ್‌ನಲ್ಲಿ ಎರಡೇ ವಾರದ ನೋಟಿಸ್. ನನ್ನ ಖಾತೆಯಲ್ಲಿ 1,900 ಯೂರೋ ಇತ್ತು. ಮನೆ ಮಾಲೀಕರ ಹತ್ತಿರ ಡಿಪಾಸಿಟ್ ಅಂತ 2,100 ಇತ್ತು, ಅದನ್ನು ಮುಟ್ಟುವ ಹಾಗಿರಲಿಲ್ಲ. ನಾನು ಊರಿಗೆ ಕಳಿಸಬೇಕಿದ್ದ ಕಾಲದಲ್ಲಿ ತಮ್ಮ ಹಾಸನದಿಂದ ನನಗೆ ದುಡ್ಡು ಕಳಿಸಿದ. ಆ ದಿನಗಳನ್ನು ನೀವು ನೋಡಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿರುವುದು.

ಮೂರು ತಿಂಗಳು ಅನ್ನುವ ಲೆಕ್ಕ ಇಲ್ಲಿ ಸುಮ್ನೆ ಬಂದದ್ದಲ್ಲ. ಬ್ಲೂ ಕಾರ್ಡ್‌ನಲ್ಲಿ ಹೊಸಬರ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಮೂರು ತಿಂಗಳು ಕೊಡುತ್ತಾರೆ. ಬಾಡಿಗೆ ಮನೆ ಬಿಡಲು ಕೂಡ ಮೂರು ತಿಂಗಳ ನೋಟಿಸ್. ಊರಿಗೇ ಹೋಗೋಣ ಅಂದರೂ, ಬೇರೆ ಬಾಡಿಗೆದಾರರನ್ನು ಮಾಲೀಕರು ಒಪ್ಪದಿದ್ದರೆ ಬಾಡಿಗೆ ಓಡುತ್ತಲೇ ಇರುತ್ತದೆ. ಡಿಪಾಸಿಟ್ ವಾಪಸ್ ಬರುವುದಂತೂ ಮನೆ ಬಿಟ್ಟು ಎಷ್ಟೋ ತಿಂಗಳ ಮೇಲೆ. ಹಾಗಾಗಿ ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ.

ಈಗ ನಿಮ್ಮ ಮೊತ್ತವನ್ನು ಸರಿಯಾಗಿ ಕಟ್ಟೋಣ. ಕೆಲಸ ಇಲ್ಲದ ತಿಂಗಳು 2,240 ಖರ್ಚಾಗುವುದಿಲ್ಲ. ಹೋಟೆಲ್ ಊಟ, ತಿರುಗಾಟ, ಎಸ್‌ಐಪಿ ನಿಲ್ಲುತ್ತವೆ. ಹೀಟಿಂಗ್ ಸೇರಿ ಬಾಡಿಗೆ 900 ಅಂದುಕೊಳ್ಳಿ, ಅಡುಗೆ ಸಾಮಾನು 250, ಫೋನ್-ಇಂಟರ್ನೆಟ್ 50, ಬಸ್ಸು-ರೈಲಿನ ಪಾಸು 60, ರೇಡಿಯೋ-ಟಿವಿ ಶುಲ್ಕಕ್ಕೆ 20, ಊರಿನ ಲೋನ್ ಕಂತು 300. ಅಲ್ಲಿಗೆ 1,580. ಇದಕ್ಕೆ ಹೊಸಬರು ಮರೆಯುವ ಒಂದು ಖರ್ಚು ಸೇರಿಸಬೇಕು. ಈಗ ನಿಮ್ಮ ಆರೋಗ್ಯ ವಿಮೆ ಸಂಬಳ ಕೈಗೆ ಬರುವ ಮುಂಚೆಯೇ ಕಟ್ ಆಗುತ್ತದೆ, ಅದರಲ್ಲಿ ಅರ್ಧ ಕಂಪನಿಯದ್ದು. ಸಂಬಳವೂ ಭತ್ಯೆಯೂ ಇಲ್ಲದಾಗ ಪೂರ್ತಿ ನೀವೇ ಕಟ್ಟಬೇಕು, ಆದಾಯ ಇಲ್ಲದಿದ್ದರೂ ಕನಿಷ್ಠ ಕಂತು ತಿಂಗಳಿಗೆ 200 ಯೂರೋ ದಾಟುತ್ತದೆ. 260 ಇಟ್ಟುಕೊಳ್ಳಿ. ಒಟ್ಟು 1,840, ಮೂರು ತಿಂಗಳಿಗೆ 5,520.

ತಿಂಗಳಿಗೆ 560ರಂತೆ ಇದಕ್ಕೆ ಹತ್ತು ತಿಂಗಳು ಬೇಕು. ನೀವು ನಾಲ್ಕನೇ ತಿಂಗಳಿಂದ ಶುರು ಮಾಡುವವರು, ಮುಗಿಯುವುದು ಹದಿಮೂರನೇ ತಿಂಗಳು. ಅಷ್ಟರಲ್ಲಿ ಅಪಾಯದ ವರ್ಷ ಕಳೆದೇ ಹೋಗಿರುತ್ತದೆ. ಮೊದಲ ಮೂರು ತಿಂಗಳು ಏನೂ ಉಳಿಯದ್ದಕ್ಕೆ ಬೇಸರ ಬೇಡ. ಡಿಪಾಸಿಟ್ಟು, ಹಾಸಿಗೆ, ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಸಿಂಕು-ಒಲೆಯನ್ನೂ ನಾವೇ ಹಾಕಿಸಬೇಕು, ಯಾರಿಗೂ ಉಳಿಯುವುದಿಲ್ಲ.

ಎಸ್‌ಐಪಿಯನ್ನು ಒಂದು ವರ್ಷ ನಿಲ್ಲಿಸಿ. ಅದು ಸುಮಾರು 200 ಯೂರೋ. ಆಗ 760 ಉಳಿಯುತ್ತದೆ, ಎಂಟನೇ ಕಂತಿಗೆ ಡಬ್ಬಿ ತುಂಬುತ್ತದೆ, ಅಂದರೆ ಹನ್ನೊಂದನೇ ತಿಂಗಳು. ಇನ್ನೂ ಮುಖ್ಯವಾದದ್ದು, ಪ್ರೊಬೇಷನ್ ಮುಗಿಯುವ ಆರನೇ ತಿಂಗಳ ಕೊನೆಗೆ 1,680ರ ಬದಲು 2,280 ಕೈಲಿರುತ್ತದೆ. ಒಂದು ತಿಂಗಳು ಪೂರ್ತಿ ಕಳೆದು, ಮುಂದಿನ ತಿಂಗಳ ವಿಮೆ ಕಟ್ಟುವಷ್ಟು ಉಳಿಯುತ್ತದೆ. ಲೋನ್ ಕಂತು ಮಾತ್ರ ನಿಲ್ಲಿಸಬೇಡಿ, ಅಲ್ಲಿ ಸಹಿ ಹಾಕಿದ ಅಪ್ಪನಿಗೆ ಬ್ಯಾಂಕಿನಿಂದ ಫೋನ್ ಹೋಗುತ್ತದೆ.

ಇನ್ನೊಂದು ದಾರಿ ಇದೆ. ನೀವು ವರ್ಷದ ಮಧ್ಯದಲ್ಲಿ ಬಂದಿದ್ದರೆ ಟ್ಯಾಕ್ಸ್ ರಿಟರ್ನ್ ತುಂಬಿ. ಇಡೀ ವರ್ಷ ಅಷ್ಟೇ ಸಂಬಳ ಬರುತ್ತದೆ ಅಂದುಕೊಂಡು ಪ್ರತಿ ತಿಂಗಳೂ ತೆರಿಗೆ ಹಿಡಿದಿರುತ್ತಾರೆ, ಅದರಲ್ಲಿ ಒಂದಿಷ್ಟು ವಾಪಸ್ ಬರುವುದು ಸಾಮಾನ್ಯ. ಬರುವ ಮುಂಚೆ ಅದೇ ವರ್ಷ ಬೆಂಗಳೂರಿನಲ್ಲಿ ದುಡಿದ ಸಂಬಳವನ್ನೂ ತೋರಿಸಬೇಕು, ಅದರಿಂದ ವಾಪಸ್ ಬರುವ ಮೊತ್ತ ಸ್ವಲ್ಪ ಇಳಿಯುತ್ತದೆ. ಬಂದದ್ದನ್ನು ಹಾಗೇ ಡಬ್ಬಿಗೆ ಹಾಕಿ.

ದುಡ್ಡು ಇಡುವುದಕ್ಕೆ ಟಾಗೆಸ್‌ಗೆಲ್ಡ್ ಖಾತೆ ಸಾಕು. ಬೇಕಾದಾಗ ತೆಗೆಯಬಹುದು, ಒಂದು ಬ್ಯಾಂಕಿನಲ್ಲಿ ಒಬ್ಬರ ಒಂದು ಲಕ್ಷ ಯೂರೋವರೆಗೆ ರಕ್ಷಣೆ ಇದೆ. ಊರಿನ ಎಫ್‌ಡಿಯಲ್ಲಿ ಬಡ್ಡಿ ಜಾಸ್ತಿ ಅಂತ ಅಲ್ಲಿ ಇಡಬೇಡಿ. ಬಾಡಿಗೆ ಕಟ್ಟುವುದು ಯೂರೋದಲ್ಲಿ, ವಾಪಸ್ ತರುವಾಗ ರೂಪಾಯಿ ಇಳಿದಿದ್ದರೆ ಒಂದು ವಾರದ ಖರ್ಚು ಅಲ್ಲೇ ಹೋಗುತ್ತದೆ.

ವರ್ಷ ತುಂಬಿದ ಮೇಲೆ ಎಸ್‌ಐಪಿ ಮತ್ತೆ ಶುರು ಮಾಡಿ. ಆಗ ಕೆಲಸ ಹೋದರೆ ಸುಮಾರು 1,680 ಭತ್ಯೆ ಬರುತ್ತದೆ, ನಿಮ್ಮ 1,580 ಅದರಲ್ಲೇ ಕಳೆಯುತ್ತದೆ. ಆದರೆ ಎರಡು ವಿಷಯ ನೆನಪಿರಲಿ. ಭತ್ಯೆ ಬರುತ್ತಿದೆ ಅಂತ ವೀಸಾದ ಮೂರು ತಿಂಗಳು ತಾನಾಗಿ ಆರಾಗುವುದಿಲ್ಲ. ಇನ್ನೊಂದು, ಕಂಪನಿಯವರು "ಇಬ್ಬರೂ ಒಪ್ಪಿ ಬಿಡೋಣ" ಅಂತ ಹಾಳೆ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಹಾಗೆ ಒಪ್ಪಿ ಬಿಟ್ಟರೆ, ಅಥವಾ ನೀವೇ ರಾಜೀನಾಮೆ ಕೊಟ್ಟರೆ, 12 ವಾರ ಭತ್ಯೆ ತಡೆಯಬಹುದು. ಆಗ ಮತ್ತೆ ಈ 5,520ರಲ್ಲೇ ಬದುಕಬೇಕಾಗುತ್ತದೆ.