ಜ್ವರ ಬಿಟ್ಟ ಮೇಲೂ ದಿನಕ್ಕೆ ನಾಲ್ಕು ಮಾತ್ರೆ?

"ಅಪ್ಪನಿಗೆ 58, ತೂಕ 66 ಕೆ.ಜಿ., ಶುಗರ್ ಇದೆ, ಗದ್ದೆ ಕೆಲಸ. ಮೆಲಿಯಾಯ್ಡೋಸಿಸ್ ಅಂತ ಮಣ್ಣಿನ ಬ್ಯಾಕ್ಟೀರಿಯಾದಿಂದ ಬರೋ ಸೋಂಕಿಗೆ ಬೆಂಗಳೂರಲ್ಲಿ ಮೂರು ವಾರ ಇಂಜೆಕ್ಷನ್ ಆಯ್ತು. ಮನೆಗೆ ಬಂದು ತಿಂಗಳಾಯ್ತು, ಜ್ವರ ಇಲ್ಲ. ಊರಿನ ಮೆಡಿಕಲ್‌ನವರು ದಿನಕ್ಕೆ ಕೋಟ್ರೈಮಾಕ್ಸಜೋಲ್ ಡಬಲ್ ಸ್ಟ್ರೆಂತ್ ನಾಲ್ಕು ಮಾತ್ರೆ ಜಾಸ್ತಿ ಅಂತಾರೆ. ನಿಲ್ಲಿಸಬಹುದಾ?"

ನೀವೇ ನಿಲ್ಲಿಸಬೇಡಿ, ಕಡಿಮೆಯೂ ಮಾಡಬೇಡಿ. ಇಲ್ಲೇ ಬೆಂಗಳೂರಿನ ವಾರ್ಡಿನಲ್ಲಿ ಇಂಥವರನ್ನು ನೋಡುವವನು ನಾನು. ಮೆರೊಪೆನೆಮ್ ಅಥವಾ ಸೆಫ್ಟಾಜಿಡೈಮ್ ಇಂಜೆಕ್ಷನ್ ಜೀವ ಉಳಿಸುತ್ತದೆ, ಆದರೆ ಈ ಬ್ಯಾಕ್ಟೀರಿಯಾ ಜೀವಕೋಶದೊಳಗೇ ಅಡಗಿ ಕೂರುತ್ತದೆ. ಅದನ್ನು ಬೇರುಸಹಿತ ತೆಗೆಯಲು ಕೋಟ್ರೈಮಾಕ್ಸಜೋಲ್ ಕನಿಷ್ಠ 3 ತಿಂಗಳು ಬೇಕು. ಮೂಳೆಗೋ ಮಿದುಳಿಗೋ ತಗುಲಿದ್ದರೆ 6 ತಿಂಗಳು.

ಮೆಡಿಕಲ್‌ನವರಿಗೆ ಗೊತ್ತಿರುವುದು ಮೂತ್ರದ ಸೋಂಕಿನ ಲೆಕ್ಕ, ಡಬಲ್ ಸ್ಟ್ರೆಂತ್ ಬೆಳಿಗ್ಗೆ ಒಂದು, ರಾತ್ರಿ ಒಂದು. ಈ ಕಾಯಿಲೆಗೆ 60 ಕೆ.ಜಿ. ದಾಟಿದವರಿಗೆ, ಕಿಡ್ನಿ ಸರಿಯಿದ್ದರೆ, ಎರಡೆರಡು. ಅಪ್ಪನ ನಾಲ್ಕು ಸರಿಯಾಗೇ ಇದೆ.

ನನಗೆ ಹೆಚ್ಚು ಚಿಂತೆ ಶುಗರ್ ಮಾತ್ರೆಯದು. ಗ್ಲಿಮೆಪಿರೈಡ್‌ನಂಥದ್ದು ತೆಗೆದುಕೊಳ್ಳುತ್ತಿದ್ದರೆ ಕೋಟ್ರೈಮಾಕ್ಸಜೋಲ್ ಜೊತೆ ಶುಗರ್ ದಿಢೀರನೆ ಇಳಿಯಬಹುದು. ಬೆವರು, ನಡುಕ, ತಡಬಡಿಸುವ ಮಾತು ಕಂಡರೆ ತಕ್ಷಣ ಸಕ್ಕರೆ ಕೊಟ್ಟು ಗ್ಲುಕೋಮೀಟರಿನಲ್ಲಿ ನೋಡಿ, ಡಾಕ್ಟರಿಗೆ ಹೇಳಿ. ಕ್ರಿಯಾಟಿನಿನ್, ಪೊಟ್ಯಾಸಿಯಮ್, ರಕ್ತಕಣಗಳ ಪರೀಕ್ಷೆ ಆಗಾಗ ಆಗಲೇಬೇಕು. ಬಿಪಿಗೆ ಟೆಲ್ಮಿಸಾರ್ಟನ್ ಇದ್ದರೆ ಪೊಟ್ಯಾಸಿಯಮ್ ಇನ್ನೂ ಬೇಗ ಏರುತ್ತದೆ.

ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಎದ್ದರೆ ಮಾತ್ರ ಮುಂದಿನ ಡೋಸ್ ನುಂಗದೆ ಅವತ್ತೇ ಆಸ್ಪತ್ರೆಗೆ ಬನ್ನಿ, ಬದಲಿ ಔಷಧ ಇದೆ. ಮತ್ತೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ಬ್ಲಡ್ ಕಲ್ಚರ್ ಮಾಡಿಸಿ.