ಗೊರಕೆಯ ಮೇಲೊಂದು ನಿದ್ದೆ ಮಾತ್ರೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ನಮ್ಮ ಯಜಮಾನರಿಗೆ 58 ವರ್ಷ. ಮೊದಲಿನಿಂದಲೂ ಗೊರಕೆ ಜಾಸ್ತಿ. ಹೋದ ತಿಂಗಳು ನಿದ್ದೆಯ ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ ಇದೆ, ಗಂಟೆಗೆ 36 ಸಲ ಉಸಿರಿಗೆ ತಡೆಯಾಗುತ್ತಿದೆ ಎಂದು ಹೇಳಿ, ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಊದುವ ಸಿಪ್ಯಾಪ್ ಯಂತ್ರ ಕೊಟ್ಟರು. ಮಾಸ್ಕ್ ಹಾಕಿಕೊಂಡರೆ ನಿದ್ದೆಯೇ ಬರುವುದಿಲ್ಲವೆಂದು ಅದನ್ನು ಕಪಾಟಿನಲ್ಲಿಟ್ಟಿದ್ದಾರೆ. ಆದರೆ ಹನ್ನೊಂದು ವರ್ಷದಿಂದ ನುಂಗುತ್ತಿರುವ 0.5 ಮಿ.ಗ್ರಾಂ ಆಲ್ಪ್ರಜೋಲಾಂ ಎಂಬ ನಿದ್ದೆ ಮಾತ್ರೆಯನ್ನು ಬಿಟ್ಟಿಲ್ಲ. ಈಗಿನ ಸಂಶೋಧನೆಯ ಪ್ರಕಾರ ಮಾತ್ರೆಯಿಂದ ಅಪಾಯವೇನೂ ಇಲ್ಲ ಎಂದು ಮಗ ಹೇಳುತ್ತಾನೆ. ಇವತ್ತೇ ನಿಲ್ಲಿಸಿ ಎಂದು ನನ್ನ ತಮ್ಮ ಗಲಾಟೆ ಮಾಡುತ್ತಿದ್ದಾನೆ. ಯಾರ ಮಾತು ಕೇಳಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಗ ಮತ್ತು ತಮ್ಮನ ವಾದವಲ್ಲ, ಎರಡು ಕಾಲಾವಧಿಗಳ ನಡುವಿನ ಅಂತರ. ಮಾತ್ರೆಗೆ ಹನ್ನೊಂದು ವರ್ಷ, ಪರೀಕ್ಷೆಗೆ ಒಂದು ತಿಂಗಳು. ಆ ಹನ್ನೊಂದು ವರ್ಷಗಳಲ್ಲಿ ಚೀಟಿ ಎಷ್ಟು ಸಲ ಹೊಸದಾಯಿತೋ, ಅಷ್ಟು ಸಲದಲ್ಲಿ ಒಮ್ಮೆಯಾದರೂ ಯಾರಾದರೂ ನಿಮ್ಮನ್ನು ಒಳಗೆ ಕರೆದು, "ಇವರು ಮಲಗಿದ ಮೇಲೆ ಗೊರಕೆ ಹೊಡೆಯುತ್ತಾರೆಯೆ, ನಡುವೆ ಗೊರಕೆ ನಿಂತು ಉಸಿರು ಕಟ್ಟಿದಂತಾಗುತ್ತದೆಯೆ" ಎಂದು ಕೇಳಿದ್ದಾರೆಯೆ? ಕೇಳಿರಲಾರರು. ನಿದ್ದೆ ಬರುವುದಿಲ್ಲ ಎಂದವನಿಗೆ ಮಾತ್ರೆ ಕೊಡುವ ಮೊದಲು ಪಕ್ಕದಲ್ಲಿ ಮಲಗುವವರ ಸಾಕ್ಷ್ಯ ಪಡೆಯಬೇಕೆಂದು ನಾನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಹಳೆಯ ಓದುಗರು ಬೇಸರಿಸಬಾರದು.

ಎಚ್ಚರದಲ್ಲಿರುವಾಗ ಗಂಟಲಿನ ಸುತ್ತಲ ಸ್ನಾಯುಗಳು, ಮುಖ್ಯವಾಗಿ ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯು, ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಹತ್ತಿದೊಡನೆ ಅವು ಸಡಿಲವಾಗುತ್ತವೆ, ದಾರಿ ಇಕ್ಕಟ್ಟಾಗಿರುವವರಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆ ಉಸಿರೆಳೆಯಲು ಹೆಣಗುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಮ್ಲಜನಕ ಇಳಿಯುತ್ತದೆ, ಕೊನೆಗೆ ಮಿದುಳು ಕೆಲವೇ ಸೆಕೆಂಡುಗಳ ಮಟ್ಟಿಗೆ ಎಚ್ಚೆತ್ತು ಗಂಟಲನ್ನು ಬಿಡಿಸುತ್ತದೆ. ಬೆಳಿಗ್ಗೆ ರೋಗಿಗೆ ನೆನಪೂ ಇರದ ಈ ಎಚ್ಚರವೇ ಅವನನ್ನು ಬಹುಪಾಲು ಸಲ ಉಳಿಸುವುದು. ಆಲ್ಪ್ರಜೋಲಾಂ, ಕ್ಲೋನಜೆಪಾಂ, ಡಯಜೆಪಾಂ ಮುಂತಾದ ಬೆಂಜೋಡಯಜೆಪೀನ್ ಗುಂಪಿನ ಮಾತ್ರೆಗಳು ಸ್ನಾಯುವನ್ನು ಸಡಿಲಿಸಬಲ್ಲವು, ಈ ಎಚ್ಚರವನ್ನು ಮುಂದೂಡಲೂಬಲ್ಲವು. ಆತಂಕ ನಮ್ಮಂಥ ಅಂಜುಬುರುಕರ ಕಲ್ಪನೆಯಲ್ಲ, ಅದಕ್ಕೆ ಇಷ್ಟು ಕಾರಣವಿದೆ.

ನಿಮ್ಮ ಮಗ ಹೇಳುವುದೂ ಗಾಳಿಮಾತಲ್ಲ, ಅದನ್ನು ಒಪ್ಪಬೇಕು. 2015ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಸ್ಲೀಪ್ ಆಪ್ನಿಯಾ ಇರುವ ವಯಸ್ಕರಿಗೆ ನಿದ್ದೆ ಮಾತ್ರೆ ಮತ್ತು ಮಂಪರು ತರಿಸುವ ಔಷಧಗಳನ್ನು ಕೊಟ್ಟು ನಡೆಸಿದ 14 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆ ಔಷಧಗಳಲ್ಲಿ ಯಾವುದೂ ಗಂಟೆಗೆ ಉಸಿರು ತಡೆಯುವ ಸಂಖ್ಯೆಯನ್ನು ಗಣನೀಯವಾಗಿ ಹೆಚ್ಚಿಸಿದಂತೆ ಕಾಣಲಿಲ್ಲ. ಎಸ್‌ಜೋಪಿಕ್ಲೋನ್ ಎಂಬ ಮಾತ್ರೆಯಿಂದ ಅದು ಒಂದಿಷ್ಟು ಇಳಿದದ್ದೂ ಉಂಟು. ಆದರೆ ಆ 14 ಪ್ರಯೋಗಗಳಲ್ಲಿ ಇದ್ದವರು ಒಟ್ಟು 293 ಮಂದಿ. ಅನೇಕರು ಮಾತ್ರೆ ನುಂಗಿದ್ದು ಒಂದೆರಡು ರಾತ್ರಿ, ಬಹುಪಾಲು ಮಂದಿಗೆ ಇದ್ದದ್ದು ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಕಾಯಿಲೆ. ಗಂಟೆಗೆ 30 ದಾಟಿದರೆ ವೈದ್ಯರು ಅದನ್ನು ತೀವ್ರ ಎನ್ನುತ್ತಾರೆ. ನಿಮ್ಮವರದು ಆ ಗೆರೆಯಾಚೆಗಿದೆ. ಕೆಲವು ರಾತ್ರಿಗಳ ಪ್ರಯೋಗ ನೋಡಿ ಹನ್ನೊಂದು ವರ್ಷದ ಅಭ್ಯಾಸಕ್ಕೆ ಭರವಸೆ ಕೊಡುವುದು ನನಗೆ ಸಾಧ್ಯವಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಆ ಸಂಖ್ಯೆಯ ಬಗ್ಗೆಯೇ ಇದೆ. ಲೆಕ್ಕದ ಸಲುವಾಗಿ ಪ್ರತಿ ತಡೆಯೂ ಸರಾಸರಿ 22 ಸೆಕೆಂಡು ಇರುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 36 ತಡೆ ಎಂದರೆ 792 ಸೆಕೆಂಡು, ಅಂದರೆ ಸುಮಾರು 13 ನಿಮಿಷ. ಮಾತ್ರೆ ನುಂಗಿದ ರಾತ್ರಿ ಎಚ್ಚರ ತಡವಾಗಿ, ಪ್ರತಿ ತಡೆಯೂ 30 ಸೆಕೆಂಡಿಗೆ ಹಿಗ್ಗಿತು ಎನ್ನೋಣ. ಉದ್ದವಾದ ತಡೆಗಳು ಒಂದು ಗಂಟೆಯೊಳಗೆ ಹಿಡಿಸುವುದು ಕಡಿಮೆಯಾದ್ದರಿಂದ ಅವುಗಳ ಸಂಖ್ಯೆ 32ಕ್ಕೆ ಇಳಿಯಬಹುದು. ವರದಿಯ ಕಾಗದದಲ್ಲಿ ಇದು ಸುಧಾರಣೆ, ಆದರೆ ಉಸಿರಿಗೆ ಅಡ್ಡಿಯಾದ ಕಾಲ 960 ಸೆಕೆಂಡು, ಅಂದರೆ 16 ನಿಮಿಷವಾಗಿರುತ್ತದೆ. ಅದೇ ಕಾಕ್ರೇನ್ ವಿಮರ್ಶೆಯಲ್ಲಿ ಟ್ರಯಜೋಲಾಂ ಮತ್ತು 20 ಮಿ.ಗ್ರಾಂ ಜೋಲ್ಪಿಡೆಮ್ ಪಡೆದವರಲ್ಲಿ ರಾತ್ರಿಯ ಅತಿ ಕಡಿಮೆ ಆಮ್ಲಜನಕದ ಮಟ್ಟ ಇನ್ನಷ್ಟು ಇಳಿದಿತ್ತು ಎಂಬುದನ್ನು ನಿಮ್ಮ ಮಗನಿಗೆ ತೋರಿಸಿ. ಹಾಗೆಯೇ ನಿಮ್ಮ ಮನೆಯಲ್ಲಿರುವ ವರದಿಯಲ್ಲಿ 36 ಎಂಬ ಅಂಕಿಯನ್ನು ಬಿಟ್ಟು ಇನ್ನು ಮೂರು ಸಾಲುಗಳನ್ನು ಹುಡುಕಿ: ಅತಿ ದೀರ್ಘವಾದ ತಡೆ ಎಷ್ಟು ಸೆಕೆಂಡು, ಆಮ್ಲಜನಕ ಎಷ್ಟರವರೆಗೆ ಇಳಿಯಿತು, ಶೇಕಡಾ 90ಕ್ಕಿಂತ ಕೆಳಗೆ ಒಟ್ಟು ಎಷ್ಟು ನಿಮಿಷ ಇತ್ತು. ಪರೀಕ್ಷೆಯ ರಾತ್ರಿ ಅವರು ಮಾತ್ರೆ ನುಂಗಿದ್ದರೋ ಇಲ್ಲವೋ ಎಂಬುದನ್ನು ನೀವು ಬರೆದಿಲ್ಲ. ಅದಿಲ್ಲದೆ ಈ ಸಾಲುಗಳ ಅರ್ಥ ಪೂರ್ತಿಯಾಗುವುದಿಲ್ಲ. ಹಗಲಿನಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ 98 ಬಂತೆಂದು ನಿಶ್ಚಿಂತರಾಗುವವರು ಬಹಳ ಮಂದಿ. ಎಚ್ಚರದಲ್ಲಿ ಬಂದ ಆ ಅಂಕಿ ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಸ್‌ಜೋಪಿಕ್ಲೋನ್ ಕೆಲವರಿಗೆ ನೆರವಾಗುವುದೇಕೆ ಎಂಬ ಪ್ರಶ್ನೆಗೂ ಉತ್ತರ ಈ ಎಚ್ಚರದಲ್ಲಿಯೇ ಇದೆ. ಕೆಲವು ರೋಗಿಗಳ ಮಿದುಳು ಉಸಿರು ಸ್ವಲ್ಪ ಬಿಗಿಯಾದರೂ ಥಟ್ಟನೆ ಎಚ್ಚರಗೊಳ್ಳುತ್ತದೆ, ಗಂಟಲಿನ ಸ್ನಾಯು ತಾನಾಗಿ ಚುರುಕಾಗಲು ಸಮಯವೇ ಸಿಗುವುದಿಲ್ಲ. ಅಂಥವರಲ್ಲಿ ಎಚ್ಚರವನ್ನು ತುಸು ಮುಂದೂಡಿದರೆ ಉಸಿರಾಟ ಸ್ಥಿರವಾಗಬಹುದು. 2011ರ ಒಂದು ಅಧ್ಯಯನದಲ್ಲಿ ಗಂಟೆಗೆ ಉಸಿರು ತಡೆಯುವ ಸಂಖ್ಯೆ ಎಲ್ಲ ರೋಗಿಗಳ ಸರಾಸರಿಯಲ್ಲಿ 31ರಿಂದ 24ಕ್ಕೆ ಇಳಿದಿತ್ತು, ಇಂಥವರಲ್ಲಿ ಇಳಿಕೆ ಹೆಚ್ಚಾಗಿತ್ತು. 24 ಎಂದರೂ ಕಾಯಿಲೆ ಹೋಗಲಿಲ್ಲ ಎಂಬುದನ್ನು ಗಮನಿಸಿ. ಯಾರು ಈ ಬಗೆಯವರು ಎಂಬುದನ್ನು ತಜ್ಞರು ಪರೀಕ್ಷೆಯಿಂದ ಅಂದಾಜಿಸಬೇಕೇ ಹೊರತು ಔಷಧದ ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನಿಸುವುದಲ್ಲ.

ಯಂತ್ರ ಹಾಕಿಕೊಂಡವರ ಮಾತು ಬೇರೆ. ಸಿಪ್ಯಾಪ್ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವುದರಿಂದ ಮಾತ್ರೆಯ ಅಪಾಯದ ಬಹುಭಾಗ ಅಲ್ಲಿಯೇ ಕಳೆಯುತ್ತದೆ. ಯಂತ್ರವನ್ನು ಆರಂಭಿಸುವ ಮೊದಲ ಎರಡು ವಾರ ಮಾತ್ರ ಎಸ್‌ಜೋಪಿಕ್ಲೋನ್ ಕೊಟ್ಟು ನೋಡಿದ 2009ರ ಅಮೆರಿಕದ ಪ್ರಯೋಗವೊಂದರಲ್ಲಿ, ಆರು ತಿಂಗಳ ನಂತರವೂ ಅವರು ಉಳಿದವರಿಗಿಂತ ರಾತ್ರಿಗೆ ಸುಮಾರು ಒಂದು ಗಂಟೆ ಹೆಚ್ಚು ಯಂತ್ರ ಬಳಸುತ್ತಿದ್ದರು. ಆದ್ದರಿಂದ ಆಪ್ನಿಯಾ ಇರುವವರು ನಿದ್ದೆ ಮಾತ್ರೆಯನ್ನು ಕಣ್ಣೆತ್ತಿಯೂ ನೋಡಬಾರದು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ನಡೆದಿರುವುದು ಇದರ ತಿರುವುಮುರುವು: ಯಂತ್ರ ಕಪಾಟಿನಲ್ಲಿದೆ, ಮಾತ್ರೆ ಹೊಟ್ಟೆಯಲ್ಲಿದೆ. ಮಂಪರಿನಲ್ಲಿ ಮಾಸ್ಕ್ ಜಾರಿಬಿದ್ದರೂ ತಿಳಿಯದೆ ಮಲಗಿಬಿಡುವ ಅಪಾಯ ಯಂತ್ರ ಬಳಸುವವರಿಗೂ ಉಂಟು. ಯಂತ್ರದ ದಾಖಲೆಯಲ್ಲಿ ರಾತ್ರಿಯ ಬಳಕೆ ಎರಡು ಮೂರು ಗಂಟೆಗೇ ನಿಂತಿದ್ದರೆ ಅದನ್ನೂ ಅನುಮಾನಿಸಬೇಕು.

ಇನ್ನು ನಿಮ್ಮ ತಮ್ಮ. ಅವರ ಕಾಳಜಿ ನನಗೆ ಹತ್ತಿರದ್ದು, ಆದರೆ "ಇವತ್ತೇ" ಎಂಬ ಅವರ ಮಾತನ್ನು ದಯವಿಟ್ಟು ಪಾಲಿಸಬೇಡಿ. ವರ್ಷಗಟ್ಟಲೆ ತೆಗೆದುಕೊಂಡ ಆಲ್ಪ್ರಜೋಲಾಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ತೀವ್ರ ಆತಂಕ, ಮೊದಲಿಗಿಂತ ಕೆಟ್ಟ ನಿದ್ರಾಹೀನತೆ ಬರುತ್ತದೆ, ಕೆಲವರಿಗೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗುತ್ತದೆ. ಈಚಿನ ಮಾರ್ಗಸೂಚಿಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಇಳಿಸಿ, ಯಾವ ಕಾರಣಕ್ಕೂ ಎರಡು ವಾರದಲ್ಲಿ ಶೇಕಡಾ 25 ದಾಟಬೇಡಿ ಎನ್ನುತ್ತವೆ. ಮನೆಯಲ್ಲಿ ಮಾತ್ರೆ ಮುರಿಯುವವರು ಎಡವುವುದು ಇಲ್ಲಿಯೇ. 0.5ರಿಂದ 0.125 ಕಳೆದು 0.375ಕ್ಕೆ ಬಂದರೆ ಇಳಿದದ್ದು ಕಾಲುಭಾಗ, ಅಂದರೆ ಮಿತಿಯ ಅಂಚು. ಮುಂದಿನ ಸಲ ಅದೇ 0.125ರ ಚೂರು ಕಳೆದರೆ ಇಳಿದದ್ದು ಮೂರನೆಯ ಒಂದು ಭಾಗವಾಗಿಬಿಡುತ್ತದೆ. ಕೊನೆಕೊನೆಗೆ ಹೆಜ್ಜೆಗಳು ಚಿಕ್ಕದಾಗಬೇಕು, ಅದಕ್ಕೆ ವೈದ್ಯರು ಬರೆದುಕೊಟ್ಟ ಪಟ್ಟಿಯೇ ಬೇಕು. ಇದು ತಿಂಗಳುಗಳ ಕೆಲಸ.

ಅಷ್ಟರಲ್ಲಿ ಯಂತ್ರವನ್ನು ಕಪಾಟಿನಿಂದ ಹೊರಗೆ ತೆಗೆಯಿರಿ. ಮಾಸ್ಕ್ ಮೂಗಿಗೆ ಸರಿಯಾಗಿ ಕೂರುತ್ತಿದೆಯೆ, ಮೂಗು ಕಟ್ಟಿದೆಯೆ, ಗಂಟಲು ಒಣಗದಂತೆ ನೀರಿನ ತೇವ ಕೊಡುವ ತೊಟ್ಟಿ ಜೋಡಿಸಿದ್ದಾರೆಯೆ, ಒತ್ತಡ ನಿಧಾನವಾಗಿ ಏರುವಂತೆ ಹೊಂದಿಸಿದ್ದಾರೆಯೆ ಎಂದು ಯಂತ್ರ ಕೊಟ್ಟವರನ್ನು ಕರೆಸಿ ನೋಡಿಸಿ. ಸಂಜೆ ಟಿ.ವಿ. ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕೂರುವುದು ಬಹಳ ಜನಕ್ಕೆ ರೂಢಿ ಮಾಡಿಸಿದೆ. ನಿದ್ರಾಹೀನತೆಗೆ ಮಾತ್ರೆಯಿಲ್ಲದ ಚಿಕಿತ್ಸೆಯೂ ಇದೆ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾದ ನಿದ್ದೆಯ ಹೊತ್ತಿಗೆ ಸರಿಹೊಂದಿಸುವುದು, ನಿದ್ದೆ ಬಾರದಿದ್ದರೆ ಎದ್ದುಬರುವುದು, ನಿದ್ದೆಯ ಕುರಿತ ಭಯವನ್ನು ಮಾತಾಡಿ ಬಿಡಿಸುವುದು ಇತ್ಯಾದಿಗಳನ್ನು ಕೆಲವು ವಾರಗಳಲ್ಲಿ ಕಲಿಸುತ್ತಾರೆ. ಆಸ್ಟ್ರೇಲಿಯಾದ ಸಂಶೋಧಕರು ಎರಡೂ ತೊಂದರೆ ಇದ್ದವರಿಗೆ ಇದನ್ನು ಮೊದಲು ಕೊಟ್ಟು ನಂತರ ಯಂತ್ರ ಕೊಟ್ಟಾಗ ಬಳಕೆ ರಾತ್ರಿಗೆ 61 ನಿಮಿಷ ಹೆಚ್ಚಿತು. ಮಾತ್ರೆಯಿಂದ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ ಎಂಬುದು ನನಗೆ ಸಂತೋಷದ ವಿಷಯ. ಹಾಸಿಗೆಯ ಹೊತ್ತನ್ನು ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚುತ್ತದೆ, ಆಗ ಯಜಮಾನರು ಕಾರು ಓಡಿಸದಿರಲಿ.

ಇಷ್ಟಾಗಿಯೂ ನನ್ನ ಅಸಮಾಧಾನ ಮಾಸಿಲ್ಲ. ನನ್ನ ಪರಿಚಯದ ನಿವೃತ್ತ ಪ್ರಾಧ್ಯಾಪಕರೊಬ್ಬರು ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು. ಒಬ್ಬ ವೈದ್ಯರು ಪ್ರಾಸ್ಟೇಟ್ ಎಂದು ಒಂದು ಮಾತ್ರೆ, ಇನ್ನೊಬ್ಬರು ನಿದ್ದೆ ಕೆಡುತ್ತದೆಂದು ಕ್ಲೋನಜೆಪಾಂ ಬರೆದರು. ಉಸಿರು ತಡೆದಾಗ ಎದೆಯೊಳಗಿನ ಒತ್ತಡ ಬದಲಾಗಿ, ಹೃದಯ ಸ್ರವಿಸುವ ರಾಸಾಯನಿಕವೊಂದು ಮೂತ್ರವನ್ನು ಹೆಚ್ಚಿಸುತ್ತದೆ ಎಂಬುದು ಆಪ್ನಿಯಾದ ತಜ್ಞರೆಲ್ಲರಿಗೂ ಗೊತ್ತಿರುವ ವಿಷಯ. ಅವರ ಮಡದಿ ಮೊಬೈಲಿನಲ್ಲಿ ಎರಡು ನಿಮಿಷದ ವೀಡಿಯೊ ಮಾಡಿ ತೋರಿಸಿದ ಮೇಲೆ ಪರೀಕ್ಷೆಯಾಯಿತು. ಆಲ್ಪ್ರಜೋಲಾಂ, ಜೋಲ್ಪಿಡೆಮ್‌ಗಳನ್ನು ಸರ್ಕಾರ 2014ರಿಂದ ಎಚ್1 ಪಟ್ಟಿಯಲ್ಲಿಟ್ಟಿದೆ. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಮಾತ್ರೆಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಗೊರಕೆಯ ಬಗ್ಗೆ ಕೇಳುವ ಒಂದು ಅಂಕಣ ಮಾತ್ರ ಆ ಪುಸ್ತಕದಲ್ಲಿಲ್ಲ. ವೈದ್ಯರ ಚೀಟಿಯಲ್ಲಿಯೂ ಅದಕ್ಕೆ ಜಾಗವಿಲ್ಲ.

ನೀವೂ ಸ್ವಲ್ಪ ಬೈಸಿಕೊಳ್ಳಬೇಕು. ಮಧ್ಯರಾತ್ರಿ ಅವರ ಉಸಿರು ನಿಂತಾಗ ತಟ್ಟಿ ಎಬ್ಬಿಸಿದವರು ನೀವೇ ಇರಬೇಕು, ಅದನ್ನು ವೈದ್ಯರ ಮುಂದೆ ಹೇಳಲು ಸಂಕೋಚಪಟ್ಟವರೂ ನೀವೇ. ಮುಂದಿನ ಸಲ ಜೊತೆಯಲ್ಲಿ ಹೋಗಿ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಡಬ್ಬಿಸಮೇತ ಒಯ್ಯಿರಿ. ಸೊಂಟನೋವಿಗೆಂದು ಕೊಟ್ಟ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ವಾರಾಂತ್ಯದ ಮದ್ಯ, ಇವು ಆಲ್ಪ್ರಜೋಲಾಂ ಜೊತೆ ಸೇರಿದರೆ ಮಿದುಳಿನ ಉಸಿರಾಟದ ಕೇಂದ್ರವೇ ಮಂಕಾಗುತ್ತದೆ, ಇವುಗಳಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ಬೆಳಿಗ್ಗೆ ಎದ್ದಾಗ ತಲೆನೋವು ಇರುತ್ತದೆಯೇ ಎಂಬುದನ್ನೂ ಹೇಳಿ. ಅವರ ತೂಕ ಹೆಚ್ಚಿದ್ದರೆ ರಕ್ತದಲ್ಲಿ ಬೈಕಾರ್ಬನೇಟ್ ಪರೀಕ್ಷಿಸಲು ಕೇಳಿ. ಅದು ಲೀಟರಿಗೆ 27 ಮಿಲಿಮೋಲ್ ಅಥವಾ ಅದಕ್ಕೂ ಮೇಲಿದ್ದರೆ ಹಗಲಿನಲ್ಲಿಯೂ ಇಂಗಾಲದ ಡೈಆಕ್ಸೈಡ್ ಉಳಿದುಕೊಳ್ಳುತ್ತಿರಬಹುದು. ಅಂಥವರಲ್ಲಿ ಮಂಪರು ತರುವ ಯಾವ ಮಾತ್ರೆಯನ್ನೂ ಉಸಿರಾಟದ ತಜ್ಞರು ನೋಡುವವರೆಗೆ ಹೊಸದಾಗಿ ಆರಂಭಿಸಬಾರದು, ಈಗಿರುವುದನ್ನು ಇಳಿಸುವ ಪಟ್ಟಿಯನ್ನೂ ಆ ತಜ್ಞರೇ ಬರೆದುಕೊಡಲಿ.